ಮೇಲಿನ ಚಮಚ, ತಳದ ಚಮಚ

ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. ಫಾರ್ಮಸಿಸ್ಟ್ ಆಗಿ ನಾನು ಅದನ್ನು ಕೇಳುತ್ತಲೇ ಬಂದಿದ್ದೇನೆ, ಈ ಅಂಕಣ ಓದುವವರೂ ಬರೆದು ಕೇಳುತ್ತಾರೆ: "ಸಿರಪ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದೆ. ಔಷಧ ಕೆಟ್ಟಿದೆಯೇ? ಮಗುವಿಗೆ ಕೊಡಬಹುದೇ?" ಕೆಲವರು ಅದನ್ನು ಕಂಡು ಬಾಟಲಿಯನ್ನೇ ಎಸೆಯುತ್ತಾರೆ. ಇನ್ನು ಕೆಲವರು ಗಸಿ ಕದಡದಂತೆ ಜೋಪಾನವಾಗಿ ಬಗ್ಗಿಸಿ, ಮೇಲಿನ ತಿಳಿಯನ್ನಷ್ಟೇ ಚಮಚಕ್ಕೆ ಸುರಿಯುತ್ತಾರೆ. ಕಷಾಯವನ್ನು ಸೋಸಿ ಕೊಟ್ಟು ರೂಢಿಯಿರುವ ಮನೆಗಳಲ್ಲಿ ಹೀಗೆ ಮಾಡುವುದು ಹೆಚ್ಚು. ಮಕ್ಕಳಿಗೆ ಒಳ್ಳೆಯದಾಗಲಿ ಎಂಬ ಕಾಳಜಿಯಿಂದಲೇ ಮಾಡುತ್ತಾರೆ. ಆದರೆ ಆ ಗಸಿಯೇ ಔಷಧ. ಮೇಲಿರುವುದು ಬಹುಪಾಲು ಸಿಹಿ, ಬಣ್ಣ, ಸುವಾಸನೆ ಬೆರೆತ ಮಂದವಾದ ನೀರು.

ಆ ಬಾಟಲಿಯ ಮೇಲೆ 'ಶೇಕ್ ವೆಲ್ ಬಿಫೋರ್ ಯೂಸ್' ಎಂದು ಬರೆದಿರುತ್ತದೆ. ಅದರ ಪಕ್ಕದಲ್ಲೇ '5 ಮಿ.ಲೀ.ನಲ್ಲಿ 250 ಮಿ.ಗ್ರಾಂ' ಎಂಬಂಥ ಇನ್ನೊಂದು ಸಾಲು ಇರುತ್ತದೆ. ಇವೆರಡನ್ನೂ ನಾವು ಬೇರೆ ಬೇರೆಯಾಗಿ ಓದುತ್ತೇವೆ. ಒಂದು ಸಲಹೆ, ಇನ್ನೊಂದು ಮಾಹಿತಿ ಅನ್ನಿಸುತ್ತದೆ. ನನ್ನ ಪ್ರಕಾರ ಅವು ಒಂದೇ ವಾಕ್ಯದ ಎರಡು ತುಂಡುಗಳು. ಚೆನ್ನಾಗಿ ಕುಲುಕಿದರೆ ಮಾತ್ರ 5 ಮಿ.ಲೀ.ನಲ್ಲಿ 250 ಮಿ.ಗ್ರಾಂ ಇರುತ್ತದೆ. ಕುಲುಕದಿದ್ದರೆ ಆ ಸಂಖ್ಯೆ ಬಾಟಲಿಯ ಯಾವ ಚಮಚಕ್ಕೂ ಖಾತ್ರಿಯಾಗಿ ಅನ್ವಯಿಸುವುದಿಲ್ಲ. ಈ ವಾರ ಇದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು, ಔಷಧವನ್ನು ಸಕ್ಕರೆ ಕರಗಿಸಿದ ಹಾಗೆ ನೀರಲ್ಲಿ ಪೂರ್ತಿ ಕರಗಿಸಿಬಿಡಬಾರದೇ ಎಂಬ ಪ್ರಶ್ನೆ. ಕರಗುವಂಥದ್ದನ್ನು ಕರಗಿಸಿಯೇ ಕೊಡುತ್ತಾರೆ. ಹಲವು ಕೆಮ್ಮಿನ ಸಿರಪ್‌ಗಳು ಹಾಗೆ ಪಾರದರ್ಶಕವಾಗಿರುತ್ತವೆ. ಆದರೆ ಎಲ್ಲ ಔಷಧವೂ ಬೇಕಾದಷ್ಟು ಕರಗುವುದಿಲ್ಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್‌ನ ಒಂದು ಗ್ರಾಂ ಕರಗಲು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 70 ಮಿ.ಲೀ. ನೀರು ಬೇಕು. ಅಂದರೆ ಒಂದು ಚಮಚ ನೀರಿನಲ್ಲಿ 70 ಮಿ.ಗ್ರಾಂ ಆಸುಪಾಸಿನಷ್ಟೇ ಕರಗುತ್ತದೆ. ಮಗುವಿಗೆ ಬೇಕಾದ 250 ಮಿ.ಗ್ರಾಂ ಒಂದೇ ಚಮಚದಲ್ಲಿ ಸಿಗಬೇಕೆಂದರೆ ಬಹುಪಾಲು ಕರಗದೆ ಪುಡಿಯಾಗಿಯೇ ಉಳಿಯಬೇಕು. ಆ ನುಣ್ಣನೆಯ ಪುಡಿಯನ್ನು ದ್ರವದಲ್ಲಿ ತೇಲಿಸಿಟ್ಟದ್ದೇ ಸಸ್ಪೆನ್ಷನ್.

ಕರಗದಿರುವುದರಿಂದ ಒಂದು ಅನುಕೂಲವೂ ಇದೆ. ನಾಲಗೆಗೆ ರುಚಿ ಸಿಗುವುದು ಕರಗಿದ ವಸ್ತುವಿನದ್ದು. ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ಎಷ್ಟು ಕಹಿಯೆಂದು ಅದರ ಮಾತ್ರೆ ಬಾಯಲ್ಲಿ ಸ್ವಲ್ಪ ಕರಗಿಸಿಕೊಂಡವರಿಗೆ ಗೊತ್ತು. ಮಕ್ಕಳ ಬಾಟಲಿಯಲ್ಲಿ ಅದನ್ನು ನೇರವಾಗಿ ಹಾಕುವುದಿಲ್ಲ. ನೀರಿನಲ್ಲಿ ಬಹಳ ಕಡಿಮೆ ಕರಗುವ ಮೆಟ್ರೊನಿಡಜೋಲ್ ಬೆಂಜೊಯೇಟ್ ಎಂಬ ರೂಪಕ್ಕೆ ತಂದು ತೇಲಿಸುತ್ತಾರೆ. ಕಹಿ ಬಹುಮಟ್ಟಿಗೆ ಅಡಗುತ್ತದೆ, ಹೊಟ್ಟೆಗಿಳಿದ ಮೇಲೆ ದೇಹವೇ ಅದನ್ನು ಒಡೆದು ಔಷಧವನ್ನು ಬಿಡಿಸಿಕೊಳ್ಳುತ್ತದೆ. ಹಾಗಾಗಿ ಗಸಿ ಎನ್ನುವುದು ತಯಾರಿಕೆಯ ದೋಷವಲ್ಲ. ಅದು ಬೇಕೆಂದೇ ಒಪ್ಪಿಕೊಂಡ ಗುಣ.

ತೇಲಿಸಿಟ್ಟ ಕಣ ಎಷ್ಟು ಹೊತ್ತು ತೇಲುತ್ತದೆ? ಇದಕ್ಕೆ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ಗಣಿತಜ್ಞ 1851ರಲ್ಲಿ ಕೊಟ್ಟ ಸೂತ್ರವನ್ನು ಔಷಧ ತಯಾರಿಸುವವರು ಇಂದಿಗೂ ಬಳಸುತ್ತಾರೆ. ಅದರ ಸಾರ ಇಷ್ಟು: ಕಣ ದೊಡ್ಡದಾದಷ್ಟೂ, ದ್ರವಕ್ಕಿಂತ ಭಾರವಾದಷ್ಟೂ ಬೇಗ ಮುಳುಗುತ್ತದೆ. ದ್ರವ ಮಂದವಾದಷ್ಟೂ ನಿಧಾನವಾಗಿ ಮುಳುಗುತ್ತದೆ. ಇದರಲ್ಲಿ ಕಣದ ಗಾತ್ರದ ಪ್ರಭಾವ ಬಲು ಜೋರು. ಅದರ ಅಡ್ಡಳತೆ ಅರ್ಧಕ್ಕಿಳಿದರೆ ಮುಳುಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತು ಮೈಕ್ರಾನ್ ಅಗಲದ ಕಣವೊಂದು, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಪುಟ್ಟದು, ಬರಿಯ ನೀರಿನಲ್ಲಿ ನಿಮಿಷಕ್ಕೆ ಸುಮಾರು ಒಂದು ಮಿಲಿಮೀಟರ್ ಇಳಿಯುತ್ತದೆ. ಹಾಗಾದರೆ ಪುಟ್ಟ ಸಿರಪ್ ಬಾಟಲಿಯ ಮೇಲ್ಭಾಗ ಒಂದೆರಡು ಗಂಟೆಯೊಳಗೆ ಖಾಲಿ! ಅದಕ್ಕಾಗಿಯೇ ನೀರಿಗೆ ಕ್ಸಾಂಥನ್ ಗಮ್, ಸೆಲ್ಯುಲೋಸ್‌ನಂಥ ಅಂಟು ಪದಾರ್ಥಗಳನ್ನು ಬೆರೆಸುತ್ತಾರೆ. ದ್ರವವನ್ನು ನೀರಿಗಿಂತ ನೂರು ಪಟ್ಟು ಮಂದ ಮಾಡಿದರೆ, ಅದೇ ಕಣ ಇಡೀ ದಿನಕ್ಕೆ ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ ಎನ್ನುತ್ತದೆ ಸರಳ ಲೆಕ್ಕ.

ಮುಳುಗುವುದು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ಬೆಳಿಗ್ಗೆ ಕೊಟ್ಟ ಡೋಸಿಗೂ ರಾತ್ರಿ ಕೊಡುವ ಡೋಸಿಗೂ ನಡುವೆ ಕಣಗಳು ಇಳಿಯುತ್ತಲೇ ಇರುತ್ತವೆ. ಇನ್ನೂ ಮಂದ ಮಾಡೋಣವೆಂದರೆ ಔಷಧ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಒಳ್ಳೆಯ ಅಂಟುಗಳಿಗೆ ಇನ್ನೊಂದು ಸ್ವಭಾವ ಇರುತ್ತದೆ. ಸುಮ್ಮನೆ ಇಟ್ಟಾಗ ಅವು ಗಟ್ಟಿಯಾಗಿ ನಿಲ್ಲುತ್ತವೆ, ಅಲುಗಾಡಿಸಿದಾಗ ಸಡಿಲಗೊಂಡು ತೆಳ್ಳಗೆ ಹರಿಯುತ್ತವೆ. ಹಾಗಾಗಿ ಕುಲುಕುವುದರಿಂದ ತಳದ ಕಣ ಮೇಲೇಳುವುದು ಮಾತ್ರವಲ್ಲ, ದ್ರವ ಸಲೀಸಾಗಿ ಸುರಿದು ಅಳತೆಯೂ ಸರಿಬರುತ್ತದೆ.

ಇನ್ನು ಗಸಿಯ ಬಗ್ಗೆ. ಎಲ್ಲ ಗಸಿಯೂ ಒಂದೇ ಥರದ್ದಲ್ಲ. ಕೆಲವು ಬಾಟಲಿಗಳಲ್ಲಿ ಕಣಗಳು ಒಂದಕ್ಕೊಂದು ಸಡಿಲವಾಗಿ ಹತ್ತಿಕೊಂಡು ಹಿಂಜಿದ ಅರಳೆಯಂಥ ಗುಚ್ಛಗಳಾಗುತ್ತವೆ. ಅವು ಬೇಗ ಕೆಳಗಿಳಿಯುತ್ತವೆ, ಮೇಲೆ ತಿಳಿ ನಿಚ್ಚಳವಾಗಿ ಕಾಣುತ್ತದೆ. ನೋಡಿದವರಿಗೆ ಕೆಟ್ಟಂತೆ ತೋರುತ್ತದೆ. ಆದರೆ ನಾಲ್ಕು ಸಲ ಕುಲುಕಿದರೆ ಸಾಕು, ಪೂರ್ತಿ ಎದ್ದು ಬೆರೆಯುತ್ತವೆ. ಇನ್ನು ಕೆಲವದರಲ್ಲಿ ಕಣಗಳು ಬಿಡಿಬಿಡಿಯಾಗಿ ಬಹು ನಿಧಾನವಾಗಿ ಇಳಿಯುತ್ತವೆ. ಮೇಲಿನ ದ್ರವ ಎಷ್ಟೋ ದಿನ ಬೆಳ್ಳಗೇ ಇರುತ್ತದೆ, ನೋಡಿದವರಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಇಳಿದ ಕಣಗಳು ಸಂದಿಲ್ಲದಂತೆ ಒತ್ತೊತ್ತಾಗಿ ಕೂತು ಗಟ್ಟಿ ಪದರವಾಗುತ್ತವೆ. ಅದನ್ನು ಎಬ್ಬಿಸುವುದು ಕಷ್ಟ. ಆದ್ದರಿಂದ ಕಣ್ಣಿಗೆ ಕಾಣುವ ತಿಳಿಗಿಂತ ತಳದ ಪದರ ಏಳುತ್ತದೆಯೋ ಇಲ್ಲವೋ ಎಂಬುದು ಮುಖ್ಯ. ಔಷಧಗಳ ಗುಣಮಟ್ಟ ಗೊತ್ತುಮಾಡುವ ಫಾರ್ಮಕೋಪಿಯಾಗಳೂ ಹೇಳುವುದು ಇದನ್ನೇ: ಗಸಿ ಇರಬಹುದು, ಆದರೆ ಕುಲುಕಿದಾಗ ಅದು ಸುಲಭವಾಗಿ ಬೆರೆಯಬೇಕು, ಬೆರೆತ ಮೇಲೆ ಸರಿಯಾದ ಡೋಸ್ ತೆಗೆಯುವಷ್ಟು ಹೊತ್ತು ಹಾಗೇ ನಿಲ್ಲಬೇಕು.

ಈಗ ಲೆಕ್ಕಕ್ಕೆ ಬರೋಣ. 60 ಮಿ.ಲೀ. ಬಾಟಲಿ, ಪ್ರತಿ 5 ಮಿ.ಲೀ.ಗೆ 250 ಮಿ.ಗ್ರಾಂ ಪ್ಯಾರಾಸಿಟಮಾಲ್. ಒಟ್ಟು ಹನ್ನೆರಡು ಡೋಸ್, ಒಟ್ಟು 3,000 ಮಿ.ಗ್ರಾಂ ಔಷಧ. ಈ 3,000 ಬದಲಾಗುವುದಿಲ್ಲ. ಕುಲುಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬದಲಾಗುವುದು ಹಂಚಿಕೆ ಮಾತ್ರ. ಸೌಟು ಆಡಿಸದೆ ಸಾರು ಬಡಿಸಿದರೆ ಮೊದಲ ಪಂಕ್ತಿಗೆ ಬರೀ ತಿಳಿ, ಕೊನೆಯ ಪಂಕ್ತಿಗೆ ಬರೀ ಬೇಳೆ ಬೀಳುವುದಿಲ್ಲವೇ, ಹಾಗೆ. ಕುಲುಕದೆ ಸುರಿದ ಮೊದಲ ಮೂರು ಡೋಸಿನಲ್ಲಿ ತಲಾ 150 ಮಿ.ಗ್ರಾಂ ಮಾತ್ರ ಬಂತು ಎಂದುಕೊಳ್ಳೋಣ. ಅಲ್ಲಿ 300 ಮಿ.ಗ್ರಾಂ ಕೊರತೆಯಾಯಿತು. ನಡುವಿನ ಆರು ಡೋಸ್ ಹೇಗೋ ಸರಿಯಿದ್ದವು ಎಂದರೂ ಆ 300 ಎಲ್ಲಿಗೂ ಹೋಗಿಲ್ಲ, ತಳದಲ್ಲಿ ಕಾಯುತ್ತಿದೆ. ಕೊನೆಯ ಮೂರು ಡೋಸಿನಲ್ಲಿ ತಲಾ 350 ಮಿ.ಗ್ರಾಂ ಬರುತ್ತದೆ. ಈ ಸಂಖ್ಯೆಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಜವಾದ ಬಾಟಲಿಯಲ್ಲಿ ಏರುಪೇರು ಇದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು. ಆದರೆ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಲೇಬೇಕು ಎಂಬ ನಿಯಮಕ್ಕೆ ವಿನಾಯಿತಿಯಿಲ್ಲ.

18 ಕಿಲೋ ತೂಕದ ಮಗುವೊಂದಕ್ಕೆ ಈ ಔಷಧ ಕೊಡುತ್ತಿದ್ದೀರಿ ಎನ್ನಿ. ಪ್ಯಾರಾಸಿಟಮಾಲ್ ಪ್ರಮಾಣ ಸಾಮಾನ್ಯವಾಗಿ ಕಿಲೋಗೆ 10ರಿಂದ 15 ಮಿ.ಗ್ರಾಂ. ಒಂದು ಚಮಚ ಸರಿಯಾದ ಅಳತೆ. ಮೇಲಿನ ಚಮಚದಲ್ಲಿ ಕಿಲೋಗೆ ಸುಮಾರು 8 ಮಿ.ಗ್ರಾಂ ಮಾತ್ರ ಸಿಕ್ಕಿತು, ತಳದ ಚಮಚದಲ್ಲಿ 19 ದಾಟಿತು. ಮೊದಲ ರಾತ್ರಿ ಜ್ವರ ಇಳಿಯದೆ ತಾಯಿ ಗಾಬರಿಯಾಗುತ್ತಾಳೆ, "ಈ ಔಷಧ ನಮ್ಮ ಮಗುವಿಗೆ ಹಿಡಿಯುವುದಿಲ್ಲ" ಎಂದು ಬೇರೆ ಕಂಪನಿಯದ್ದು ಕೇಳುತ್ತಾಳೆ, ಇಲ್ಲವೇ ಹೊತ್ತಿಗೆ ಮುಂಚೆಯೇ ಇನ್ನೊಂದು ಚಮಚ ಕೊಡುತ್ತಾಳೆ. ಪ್ಯಾರಾಸಿಟಮಾಲ್‌ನಲ್ಲಿ ಒಂದೆರಡು ಡೋಸಿನ ಇಷ್ಟು ಏರಿಳಿತವನ್ನು ಆರೋಗ್ಯವಂತ ಮಗುವಿನ ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಎಲ್ಲ ಔಷಧಕ್ಕೂ ಈ ಉದಾರತೆಯಿಲ್ಲ. ತಾಳಿಕೊಳ್ಳದ ಔಷಧವೊಂದನ್ನು ಹತ್ತಿರದಿಂದ ನೋಡಿದರೆ ಲೇಬಲ್ಲಿನ ಆ ಸಣ್ಣ ಸಾಲಿನ ತೂಕ ತಿಳಿಯುತ್ತದೆ.

ಅದು ಫೆನಿಟೋಯಿನ್. ಫಿಟ್ಸ್ ಅಥವಾ ಮೂರ್ಛೆರೋಗಕ್ಕೆ ಇದು ಕೆಲಸ ಮಾಡುತ್ತದೆಂದು ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬ ವೈದ್ಯರು 1938ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಬಳಕೆಯಲ್ಲಿದೆ, ಅಗ್ಗ, ನಮ್ಮಲ್ಲೂ ಎಷ್ಟೋ ಜನ ಇದರ ಮೇಲಿದ್ದಾರೆ. ನೀರಿನಲ್ಲಿ ಇದು ಕರಗುವುದು ಬಹಳ ಕಡಿಮೆ. ಮಾತ್ರೆ ನುಂಗಲಾರದ ಮಕ್ಕಳಿಗೆ, ಲಕ್ವದ ನಂತರ ನುಂಗುವ ಶಕ್ತಿ ಕುಂದಿದ ಹಿರಿಯರಿಗೆ ಸಸ್ಪೆನ್ಷನ್ ರೂಪದಲ್ಲಿ ಕೊಡುತ್ತಾರೆ. ರಕ್ತದಲ್ಲಿ ಇದರ ಮಟ್ಟ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ನಡುವೆ ಇರಬೇಕೆಂಬುದು ವಾಡಿಕೆಯ ಗುರಿ. ಕೆಳಗಿಳಿದರೆ ಫಿಟ್ಸ್ ಮರುಕಳಿಸಬಹುದು. ಮೇಲೇರಿದರೆ ಕಣ್ಣುಗುಡ್ಡೆ ತಾನಾಗಿ ಅದುರುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಮಂಪರು ಕವಿಯುತ್ತದೆ.

ಇದರ ವಿಶೇಷವೆಂದರೆ ಯಕೃತ್ತು ಇದನ್ನು ಹೊರಹಾಕುವ ರೀತಿ. ಬಹುತೇಕ ಔಷಧಗಳನ್ನು ಎರಡರಷ್ಟು ಕೊಟ್ಟರೆ ರಕ್ತದ ಮಟ್ಟವೂ ಎರಡರಷ್ಟಾಗುತ್ತದೆ, ಲೆಕ್ಕ ನೇರ. ಫೆನಿಟೋಯಿನ್ ಅನ್ನು ಒಡೆಯುವ ಕಿಣ್ವಗಳಿಗೆ ಒಂದು ಮಿತಿಯಿದೆ, ಮತ್ತು ನಾವು ಕೊಡುವ ಸಾಮಾನ್ಯ ಡೋಸ್ ಆ ಮಿತಿಯ ಹತ್ತಿರವೇ ಇರುತ್ತದೆ. ಮಿತಿ ಸಮೀಪಿಸಿದ ಮೇಲೆ ಸ್ವಲ್ಪ ಹೆಚ್ಚಾದರೂ ಅದನ್ನು ತೆರವು ಮಾಡಲಾಗದೆ ರಕ್ತದಲ್ಲಿ ಶೇಖರವಾಗುತ್ತದೆ. 60 ಕಿಲೋ ತೂಕದ ವಯಸ್ಕರೊಬ್ಬರಿಗೆ ಪಠ್ಯಪುಸ್ತಕದ ಸರಾಸರಿ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿದೆ. ದಿನಕ್ಕೆ 300 ಮಿ.ಗ್ರಾಂ ಕೊಟ್ಟರೆ ಮಟ್ಟ 10ರ ಹತ್ತಿರ ನಿಲ್ಲುತ್ತದೆ. 50 ಮಿ.ಗ್ರಾಂ ಕಡಿಮೆ ಮಾಡಿ 250 ಕೊಟ್ಟರೆ 6ರ ಹತ್ತಿರಕ್ಕೆ ಇಳಿಯುತ್ತದೆ. ಅದೇ 50 ಮಿ.ಗ್ರಾಂ ಹೆಚ್ಚಿಸಿ 350 ಕೊಟ್ಟರೆ 14 ಆಗುವುದಿಲ್ಲ, 20ಕ್ಕೆ ಏರುತ್ತದೆ. ಇನ್ನೊಂದು 25 ಸೇರಿಸಿ 375 ಕೊಟ್ಟರೆ 33ರ ಸುತ್ತ ಹೋಗುತ್ತದೆ. ಆ ಮಟ್ಟಗಳಿಗೆ ತಲುಪಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ, ಮನುಷ್ಯರಿಂದ ಮನುಷ್ಯರಿಗೆ ಅಂಕಿ ಬೇರೆಯಾಗುತ್ತದೆ. ಆದರೆ ಏರಿಕೆಯ ಸ್ವರೂಪ ಇದೇ.

ಈಗ ಇದನ್ನು ಬಾಟಲಿಗೆ ಹೊಂದಿಸಿ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ 200 ಮಿ.ಲೀ. ಬಾಟಲಿ, ಒಟ್ಟು ಔಷಧ 5,000 ಮಿ.ಗ್ರಾಂ. ಲಕ್ವದ ನಂತರ ಮಾತ್ರೆ ನುಂಗಲಾರದ ಹಿರಿಯರೊಬ್ಬರಿಗೆ ಬೆಳಿಗ್ಗೆ 6 ಮಿ.ಲೀ., ರಾತ್ರಿ 6 ಮಿ.ಲೀ., ಒಟ್ಟು ದಿನಕ್ಕೆ 300 ಮಿ.ಗ್ರಾಂ. ಮನೆಯವರು ಅಳತೆಯಲ್ಲಿ ಬಲು ಕಟ್ಟುನಿಟ್ಟು. ಸಿರಿಂಜಿನಲ್ಲಿ ಗೆರೆ ನೋಡಿ ಎಳೆಯುತ್ತಾರೆ, ಒಂದು ಹೊತ್ತೂ ತಪ್ಪಿಸುವುದಿಲ್ಲ. ಆದರೆ ಕುಲುಕುವುದಿಲ್ಲ, ಅಥವಾ ಎರಡು ಸಲ ಅಲ್ಲಾಡಿಸಿ ಬಿಡುತ್ತಾರೆ. ಮೊದಲ ಅರ್ಧ ಬಾಟಲಿಯಲ್ಲಿ ಆರನೇ ಒಂದು ಭಾಗದಷ್ಟು ಔಷಧ ಕಡಿಮೆ ಬಂತು ಎಂದಿಟ್ಟುಕೊಳ್ಳಿ. ದಿನಕ್ಕೆ 300ರ ಬದಲು 250. ಎಂಟು ದಿನ ಹೀಗೆ ನಡೆದು ಮಟ್ಟ ಇಳಿಯುತ್ತ ಬಂದು ಒಂದು ಬೆಳಗಿನ ಜಾವ ಫಿಟ್ಸ್ ಬರುತ್ತದೆ. ಆಸ್ಪತ್ರೆಗೆ ಓಡುತ್ತಾರೆ. ವೈದ್ಯರು ಕೇಳುತ್ತಾರೆ, "ಔಷಧ ತಪ್ಪಿಸಿದ್ದಿರಾ?" ಮನೆಯವರು ಹೇಳುತ್ತಾರೆ, "ಇಲ್ಲ ಡಾಕ್ಟ್ರೇ, ಒಂದು ಹೊತ್ತೂ ಬಿಟ್ಟಿಲ್ಲ." ಇಬ್ಬರದ್ದೂ ಸರಿಯಾದ ಮಾತೇ. ರಕ್ತ ಪರೀಕ್ಷೆಯಲ್ಲಿ ಮಟ್ಟ ಕಡಿಮೆ ಬರುತ್ತದೆ. ಡೋಸ್ ಸಾಲುತ್ತಿಲ್ಲವೆಂದು ವೈದ್ಯರು ಬೆಳಿಗ್ಗೆ 7, ರಾತ್ರಿ 7 ಮಿ.ಲೀ.ಗೆ ಏರಿಸುತ್ತಾರೆ. ಕಾಗದದ ಮೇಲೆ ಅದು ದಿನಕ್ಕೆ 350 ಮಿ.ಗ್ರಾಂ.

ಆದರೆ ಅಷ್ಟರಲ್ಲಿ ಬಾಟಲಿಯ ಕೆಳಗಿನ ಅರ್ಧ ಶುರುವಾಗಿದೆ. ಮೇಲಿನ 100 ಮಿ.ಲೀ.ನಲ್ಲಿ ಹೋದದ್ದು ಸುಮಾರು 2,080 ಮಿ.ಗ್ರಾಂ ಮಾತ್ರ, ಉಳಿದ 100 ಮಿ.ಲೀ.ನಲ್ಲಿ ಸುಮಾರು 2,920 ಇದೆ. ಅಂದರೆ ಹಳೆಯ 12 ಮಿ.ಲೀ. ಲೆಕ್ಕದಲ್ಲೇ ದಿನಕ್ಕೆ 350 ಆಗುತ್ತಿತ್ತು. ಈಗ 14 ಮಿ.ಲೀ. ಕೊಡುವುದರಿಂದ ದಿನಕ್ಕೆ 400 ದಾಟುತ್ತದೆ. ಮೇಲೆ ಹೇಳಿದ ಸರಾಸರಿ ದೇಹ ದಿನಕ್ಕೆ ಒಡೆಯಬಲ್ಲದ್ದೇ ಗರಿಷ್ಠ 420 ಮಿ.ಗ್ರಾಂ. ಒಂದು ವಾರದಲ್ಲಿ ಆ ಹಿರಿಯರು ಗೋಡೆ ಹಿಡಿದು ನಡೆಯುತ್ತಾರೆ, ಮಾತು ತೊದಲುತ್ತದೆ. ಮತ್ತೆ ಲಕ್ವ ಹೊಡೆಯಿತೇ ಎಂದು ಮನೆಯವರು ಹೆದರುತ್ತಾರೆ. ಅಷ್ಟರಲ್ಲಿ ಬಾಟಲಿ ಮುಗಿದು ಹೊಸದು ಬರುತ್ತದೆ, ಮತ್ತೆ ಮೇಲಿನ ತಿಳಿ ಶುರು. ಹಳೆಯ ಬಾಟಲಿಯ ಕೊನೆಯ ಚಮಚ ಅತಿ ಗಟ್ಟಿ, ಹೊಸ ಬಾಟಲಿಯ ಮೊದಲ ಚಮಚ ಅತಿ ತೆಳು. ಒಂದೇ ಲೇಬಲ್, ಒಂದೇ ಅಳತೆ, ಒಂದೇ ಕೈ. ಆದರೂ ರೋಗಿ ಎರಡು ತುದಿಗಳ ನಡುವೆ ಜೋಲಿ ಹೊಡೆಯುತ್ತಾರೆ.

ಈ ತಪ್ಪಿನ ಕೆಟ್ಟ ಗುಣವೇ ಇದು: ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ. ದೋಷ ಔಷಧದ ಮೇಲೋ ಕಂಪನಿಯ ಮೇಲೋ ರೋಗದ ಮೇಲೋ ಬೀಳುತ್ತದೆ. ಹಾಗಾಗಿ ಸಸ್ಪೆನ್ಷನ್ ಕುಡಿಯುವ ರೋಗಿಯಲ್ಲಿ ಕಾರಣವಿಲ್ಲದ ಏರಿಳಿತ ಕಂಡರೆ ನಾನು ಮೊದಲು ಕೇಳುವುದು ಬಾಟಲಿಯನ್ನು. "ಆ ಬಾಟಲಿ ತನ್ನಿ, ಮನೆಯಲ್ಲಿ ಹೇಗೆ ಕೊಡುತ್ತೀರೋ ಹಾಗೆಯೇ ಇಲ್ಲಿ ಮಾಡಿ ತೋರಿಸಿ" ಎನ್ನುತ್ತೇನೆ. ಹೆಚ್ಚಿನವರು ಬಾಟಲಿಯ ಕುತ್ತಿಗೆ ಹಿಡಿದು ಎರಡು ಸಲ ಅತ್ತಿತ್ತ ಆಡಿಸುತ್ತಾರೆ. ನಾನು ಅದನ್ನು ತೆಗೆದುಕೊಂಡು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನಿಧಾನವಾಗಿ ವಾಲಿಸುತ್ತೇನೆ. ಕಂದು ಬಣ್ಣದ ಬಾಟಲಿಯಲ್ಲಿ ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ. ವಾಲಿಸಿದಾಗ ದ್ರವ ಒಂದು ಬದಿಗೆ ಸರಿದು, ತಳದ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಮಂಕು ಪಟ್ಟಿಯೊಂದು ಗಾಜಿಗೆ ಅಂಟಿಕೊಂಡೇ ಉಳಿಯುತ್ತದೆ. ಅಷ್ಟು ಔಷಧ ಆ ದಿನದ ಅಳತೆಯೊಳಗೆ ಬಂದಿಲ್ಲವೆಂದು ಅರ್ಥ.

ಹಾಗಾದರೆ ಚೆನ್ನಾಗಿ ಕುಲುಕುವುದೆಂದರೆ ಏನು? ಮುಚ್ಚಳ ಬಿಗಿ ಮಾಡಿ, ಮೊದಲು ಬಾಟಲಿಯನ್ನು ಪೂರ್ತಿ ತಲೆಕೆಳಗು ಮಾಡಿ. ಪಕ್ಕಕ್ಕೆ ಆಡಿಸಿದರೆ ಮೇಲಿನ ದ್ರವ ಮಾತ್ರ ಅಲುಗುತ್ತದೆ, ತಳದ ಮೂಲೆಗೆ ರಭಸ ತಲುಪುವುದಿಲ್ಲ. ತಲೆಕೆಳಗು, ನೇರ, ತಲೆಕೆಳಗು, ನೇರ, ಹೀಗೆ ಹತ್ತು ಹದಿನೈದು ಸೆಕೆಂಡು ಜೋರಾಗಿ ಮಾಡಿ. ನಂತರ ಬೆಳಕಿಗೆ ಹಿಡಿದು ತಳ ನೋಡಿ. ಪಟ್ಟಿ ಉಳಿದಿದ್ದರೆ ಮತ್ತೆ ಕುಲುಕಿ. ಸೆಕೆಂಡು ಎಣಿಸುವುದಕ್ಕಿಂತ ತಳ ಸ್ವಚ್ಛವಾಯಿತೇ ಎಂದು ನೋಡುವುದೇ ನಂಬಬಹುದಾದ ಪರೀಕ್ಷೆ. ಕೂಡಲೇ ಅಳೆದು ಕೊಡಿ. ಕುಲುಕಿಟ್ಟು, ಹಟಮಾಡುವ ಮಗುವನ್ನು ಹಿಡಿದು ತರುವಷ್ಟರಲ್ಲಿ ಹೊತ್ತಾಗಿದ್ದರೆ ಇನ್ನೊಮ್ಮೆ ಕುಲುಕಿ. ಸಿರಿಂಜಿನಲ್ಲಿ ಎಳೆದಿಟ್ಟ ಔಷಧವೂ ಅದರೊಳಗೇ ಇಳಿಯುತ್ತದೆ, ಹಾಗಾಗಿ ರಾತ್ರಿಯದ್ದನ್ನು ಬೆಳಿಗ್ಗೆಯೇ ಎಳೆದಿಡಬೇಡಿ. ನೊರೆ ಬಂದಿದ್ದರೆ ಗುಳ್ಳೆ ಸೇರದಂತೆ ಎಳೆಯಿರಿ, ಗುಳ್ಳೆಯಷ್ಟು ಔಷಧ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕುಲುಕಬೇಕಾದದ್ದು ಹೊಸ ಬಾಟಲಿಯನ್ನು ಮೊದಲ ಬಾರಿ ತೆರೆಯುವ ಮುಂಚೆ. ಜನ ಹೊಸದನ್ನು ಹೆಚ್ಚು ನಂಬುತ್ತಾರೆ, ಆದರೆ ಅದು ಗೋದಾಮಿನಲ್ಲಿ, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ನಿಂತು ಬಂದದ್ದು. ಗಸಿ ಅತಿ ಬಿಗಿಯಾಗಿ ಕೂತಿರುವುದು ಆಗಲೇ. ಜೊತೆಗೆ ಹೊಸ ಬಾಟಲಿ ಕಂಠದವರೆಗೆ ತುಂಬಿರುತ್ತದೆ, ದ್ರವ ಹೊರಳಾಡಲು ಜಾಗ ಕಡಿಮೆ. ಫ್ರಿಜ್ಜಿನಿಂದ ತೆಗೆದ ಬಾಟಲಿಗೂ ಹೆಚ್ಚು ಹೊತ್ತು ಬೇಕು, ತಣ್ಣಗಾದಾಗ ದ್ರವ ಇನ್ನಷ್ಟು ಮಂದವಾಗಿರುತ್ತದೆ.

ಮಕ್ಕಳ ಆಂಟಿಬಯೋಟಿಕ್ ಡ್ರೈ ಸಿರಪ್‌ಗಳಲ್ಲಿ ಈ ತೊಂದರೆ ಬೆರೆಸುವ ದಿನವೇ ಶುರುವಾಗಬಹುದು. ಅಮಾಕ್ಸಿಸಿಲಿನ್‌ನಂಥವು ನೀರಿನಲ್ಲಿ ದಿನಗಳೆದಂತೆ ಶಕ್ತಿ ಕಳೆದುಕೊಳ್ಳುವುದರಿಂದ ಪುಡಿಯಾಗಿ ಮಾರುತ್ತಾರೆ, ನೀರು ನಾವು ಬೆರೆಸಬೇಕು. ಮುಚ್ಚಳ ತೆಗೆಯುವ ಮುಂಚೆ ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಆರಿಸಿದ ನೀರನ್ನು, ಅಥವಾ ಜೊತೆಗೆ ಕೊಟ್ಟ ನೀರನ್ನು, ಮೊದಲು ಅರ್ಧದಷ್ಟು ಹಾಕಿ ಜೋರಾಗಿ ಕುಲುಕಿ. ಪುಡಿಯ ಉಂಡೆ ಎಲ್ಲೂ ಇಲ್ಲವೆಂದು ನೋಡಿ, ನೊರೆ ಇಳಿಯಲು ಬಿಟ್ಟು, ನಂತರ ಗುರುತಿನವರೆಗೆ ನೀರು ತುಂಬಿ ಮತ್ತೆ ಕುಲುಕಿ. ಒಮ್ಮೆಲೇ ಗುರುತಿನವರೆಗೆ ಸುರಿದರೆ ತಳದ ಪುಡಿ ಹೊರಗೆ ಒದ್ದೆಯಾಗಿ ಒಳಗೆ ಒಣಗಿದ ಉಂಡೆಯಾಗುತ್ತದೆ. ಅದು ಮೂರನೇ ದಿನ ಒಡೆದು ಬೆರೆತರೆ, ಮೊದಲೆರಡು ದಿನ ಮಗುವಿಗೆ ಸಿಕ್ಕದ್ದು ಅರೆಬರೆ ಆಂಟಿಬಯೋಟಿಕ್. ಸೋಂಕಿನ ವಿರುದ್ಧ ಔಷಧ ಚೆನ್ನಾಗಿ ಬೇಕಿದ್ದದ್ದು ಆ ದಿನಗಳಲ್ಲೇ.

ಒಂದು ಎಚ್ಚರಿಕೆ. ಬೆಳ್ಳಗಿರುವ ಎಲ್ಲವನ್ನೂ ಜೋರಾಗಿ ಕುಲುಕಬಾರದು. ಮಬ್ಬಾಗಿ ಕಾಣುವ ಇನ್ಸುಲಿನ್‌ಗಳೂ ಸಸ್ಪೆನ್ಷನ್‌ಗಳೇ, ಅವನ್ನೂ ಪ್ರತಿ ಸಲ ಬೆರೆಸಲೇಬೇಕು. ಆದರೆ ಅಂಗೈಗಳ ನಡುವೆ ಉರುಳಿಸಿ, ಮೆಲ್ಲಗೆ ತಲೆಕೆಳಗು ಮಾಡಿ, ಒಂದೇ ಸಮನೆ ಬೆಳ್ಳಗಾಗುವವರೆಗೆ ಬೆರೆಸಬೇಕು. ಜೋರಾಗಿ ಕುಲುಕಿದರೆ ಗುಳ್ಳೆಗಳೆದ್ದು ಅಳತೆ ಕೆಡುತ್ತದೆ, ಇನ್ಸುಲಿನ್ನಿಗೂ ಪೆಟ್ಟು. ತಿಳಿಯಾದ ಇನ್ಸುಲಿನ್ನಿಗೆ ಇದ್ಯಾವುದೂ ಬೇಡ.

ನನ್ನ ಅಭಿಪ್ರಾಯ ಒಂದಿದೆ. ಈ ಸೂಚನೆ ಬಾಟಲಿಯ ಬದಿಯಲ್ಲಿ, ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದರೆ ಸಾಲದು. ಮುಚ್ಚಳದ ಮೇಲೆ ಕನ್ನಡದಲ್ಲಿ 'ತಲೆಕೆಳಗು ಮಾಡಿ ಕುಲುಕಿ, ತಳ ನೋಡಿ' ಎಂದಿರಬೇಕು. ಕೈ ಮೊದಲು ಹೋಗುವುದು ಅಲ್ಲಿಗೆ. ಕಂಪನಿ ಹಾಕದಿದ್ದರೆ ಅಂಗಡಿಯವರು ಒಂದು ಚೀಟಿ ಅಂಟಿಸಬಹುದು. ಕೊಡುವಾಗ ಒಮ್ಮೆ ಕುಲುಕಿ ತಳ ತೋರಿಸಿಬಿಟ್ಟರೆ ಇನ್ನೂ ಒಳ್ಳೆಯದು, ಅರ್ಧ ನಿಮಿಷದ ಕೆಲಸ.

ಕೊನೆಗೆ, ಇದನ್ನು ಓದಿ ಅನೇಕರು ಮಾಡಬಹುದಾದ ಒಂದು ಕೆಲಸವನ್ನು ತಡೆಯಬೇಕಿದೆ. ಅರ್ಧ ಬಾಟಲಿ ಕುಲುಕದೆ ಕೊಟ್ಟಾಗಿದೆ, ಇನ್ನು ಮುಂದೆ ಕುಲುಕಿ ಕೊಟ್ಟರಾಯಿತು ಎಂದುಕೊಳ್ಳಬೇಡಿ. ಮೇಲಿನ ತೆಳುಭಾಗ ಖರ್ಚಾಗಿ ಹೋಗಿದೆ. ಉಳಿದದ್ದನ್ನು ಎಷ್ಟೇ ಚೆನ್ನಾಗಿ ಬೆರೆಸಿದರೂ ಅದು ಲೇಬಲ್ಲಿಗಿಂತ ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಫೆನಿಟೋಯಿನ್ ಉದಾಹರಣೆಯಲ್ಲಿ 5 ಮಿ.ಲೀ.ಗೆ 125 ಇರಬೇಕಾದದ್ದು ಸುಮಾರು 146 ಆಗಿರುತ್ತದೆ, ಅದೂ ಪ್ರತಿ ಚಮಚದಲ್ಲಿ. ಅಂಥ ಬಾಟಲಿಯನ್ನು ಬದಿಗಿಟ್ಟು ಹೊಸದನ್ನು ತನ್ನಿ, ಮೊದಲ ಡೋಸಿನಿಂದಲೇ ಕುಲುಕಿ. ಫಿಟ್ಸ್ ಔಷಧವಾಗಿದ್ದರೆ ಹಳೆಯದನ್ನು ನಿಲ್ಲಿಸಿ ಹೊಸದಕ್ಕಾಗಿ ಕಾಯುತ್ತ ಕೂರಬೇಡಿ, ಡೋಸ್ ಏಕಾಏಕಿ ತಪ್ಪಿದರೆ ಅಪಾಯ. ಅಂದೇ ವೈದ್ಯರಿಗೆ ಫೋನ್ ಮಾಡಿ, ಇಷ್ಟು ದಿನ ಬಾಟಲಿ ಕುಲುಕಿರಲಿಲ್ಲವೆಂದು ನೇರವಾಗಿ ಹೇಳಿ. ಹೊಸ ಬಾಟಲಿಯಿಂದ ಸಮನಾದ ಡೋಸ್ ಹೋಗತೊಡಗಿದ ಮೇಲೆ ರಕ್ತದ ಮಟ್ಟವನ್ನು ಯಾವಾಗ ನೋಡಬೇಕು, ಹಿಂದೆ ಏರಿಸಿದ ಡೋಸನ್ನು ಇಳಿಸಬೇಕೇ ಎಂಬುದನ್ನು ಅವರು ತೀರ್ಮಾನಿಸಲು ಈ ಒಂದು ಮಾಹಿತಿ ಬೇಕೇ ಬೇಕು.